ಮಗಳಿಗೊಂದು ಪತ್ರ: ನಿನ್ನ ಕವಿತೆಯ ತಾಯಿ ಮಾತಾಡುವ ಬಗೆ

ಪ್ರೀತಿಯ ಮಗಳಿಗೆ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಾನೂ ಮಾಡಲಿಲ್ಲ. "ಕವಿತೆಯಲ್ಲಿರುವುದು ನೀನೇ ಎಂದು ನಿನಗೆ ಸಿಟ್ಟು, ಅಷ್ಟೇ" ಎಂದೆಯಲ್ಲ. ಸಿಟ್ಟು ಬಂದದ್ದು ನಿಜ. ಆದರೆ ಅದು ನಾನಾಗಿದ್ದಕ್ಕೆ ಅಲ್ಲ, ನಾನಲ್ಲದ್ದಕ್ಕೆ. ಫೋನಿನಲ್ಲಿ ಇದನ್ನು ಹೇಳಲು ಹೋದರೆ ಮತ್ತೆ ಜಗಳವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕವಿತೆ ಓದಲಿರುವ ಕಾರ್ಯಕ್ರಮದ ಆಮಂತ್ರಣದಲ್ಲಿ ನಿನ್ನ ಹೆಸರು ನೋಡಿ ಅಪ್ಪ ಅದನ್ನು ಬದಿಯಡ್ಕ ಪೇಟೆಯಲ್ಲಿ ಕಂಡವರಿಗೆಲ್ಲ ತೋರಿಸಿ ಬಂದಿದ್ದಾರೆ. ನಾನು ಯಾರಿಗೂ ತೋರಿಸಿಲ್ಲ, ಆದರೆ ಕವಿತೆಯನ್ನು ನಾಲ್ಕಾರು ಸಲ ಓದಿದ್ದೇನೆ. ಊರು ಬಿಟ್ಟು ಹೊರಡುವ ಮಗಳು, ಬೀಳ್ಕೊಡುವ ತಾಯಿ, ಇಬ್ಬರ ಸಂವಾದ. ವಿಷಯ ಒಳ್ಳೆಯದೇ. ಆದರೆ ಎಡಗಡೆ ನೀನು ಬರೆದ "ತಾಯಿ", "ಮಗಳು" ಎಂಬ ಹೆಸರುಗಳನ್ನು ಬೆರಳಿನಿಂದ ಮುಚ್ಚಿ ಓದಿದೆ. ಯಾರ ಮಾತು ಯಾವುದೆಂದು ತಿಳಿಯಲಿಲ್ಲ. ತಾಯಿ "ನಿನ್ನ ಅನಂತ ಆಕಾಶಕ್ಕೆ ಹಾರು" ಎನ್ನುತ್ತಾಳೆ, ಮಗಳು "ನಿನ್ನ ಮೌನದ ಆಳದಲ್ಲಿ ಬೇರೂರಿದ್ದೇನೆ" ಎನ್ನುತ್ತಾಳೆ. ಎರಡನ್ನೂ ಅದಲುಬದಲು ಮಾಡಿದರೂ ಕವಿತೆಗೆ ಏನೂ ಆಗುವುದಿಲ್ಲ. ಅಲ್ಲಿರುವುದು ಒಂದೇ ಬಾಯಿ. ವೇದಿಕೆಯಲ್ಲಿ ಪ್ರತಿ ಸಾಲಿಗೂ ಮೊದಲು "ತಾಯಿ", "ಮಗಳು" ಎಂದು ಕೂಗಿ ಹೇಳುತ್ತೀಯಾ?

ನಿನ್ನ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು ಎನ್ನುವುದು ನಿನಗೆ ಗೊತ್ತು, ಕೇಳಿದ ನೆನಪು ಮಾತ್ರ ನಿನಗಿಲ್ಲ. ಒಮ್ಮೆ ನಮ್ಮ ಜಗಲಿಯಲ್ಲಿ ಅಂಗದ ಸಂಧಾನ ನಡೆಯಿತು. ಪಾರ್ತಿಸುಬ್ಬನದೆಂದು ನಾವು ಹಾಡಿಕೊಂಡು ಬಂದ ಪ್ರಸಂಗ. ಅಜ್ಜನದು ರಾವಣ. ಎದುರಿಗೆ ಅಂಗದನಾಗಿ ಕುಳಿತವರು ಅಡಿಕೆ ಸುಲಿಯಲು ಬರುತ್ತಿದ್ದ ಒಬ್ಬ ಮುದುಕರು, ಹೆಚ್ಚು ಓದಿದವರಲ್ಲ. ನಾನು ಅಡುಗೆಮನೆಯಲ್ಲಿ ಅತ್ತೆಯ ಜೊತೆ ಅವಲಕ್ಕಿ ಕಲಸುತ್ತಿದ್ದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದರೆ ಮಾತೊಂದೇ ಉಳಿಯುವುದು. ಗೋಡೆಯ ಆಚೆಯಿಂದ ಅಜ್ಜನ ಮಾತು ಸಮಾಸದ ಮೇಲೆ ಸಮಾಸವಾಗಿ ಬರುತ್ತಿತ್ತು. ಒಂದು ವಾಕ್ಯ ಮುಗಿಯುವಾಗ ನಮ್ಮ ಒಂದು ಪಾತ್ರೆ ಅವಲಕ್ಕಿ ಕಲಸಿ ಮುಗಿಯುತ್ತಿತ್ತು. ಲಂಕೆಯ ಒಡೆಯ ತನ್ನನ್ನು ತಾನೇ ಬಣ್ಣಿಸಿಕೊಳ್ಳುವ ಮಾತು ಅದು, ಉದ್ದವಾಗಿಯೇ ಇರಬೇಕು. ಅಂಗದ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. "ನನ್ನಪ್ಪ ವಾಲಿ. ಗುರುತಿದೆಯೇ?" ಎಂದು ಕೇಳಿ ಸುಮ್ಮನಾದ. ವಾಲಿ ರಾವಣನನ್ನು ಕಂಕುಳಲ್ಲಿ ಇರುಕಿಕೊಂಡು ತಿರುಗಿದ ಕಥೆ ಜಗಲಿಯಲ್ಲಿದ್ದ ಎಲ್ಲರಿಗೂ ಗೊತ್ತು. ಅವನು ಅದನ್ನು ವಿವರಿಸಲಿಲ್ಲ. ಸಭೆ ನಕ್ಕಿತು. ಅಜ್ಜ ಮತ್ತೆ ಉದ್ದನೆಯ ಮಾತು ಎತ್ತಿದರು, ಆತ ಮತ್ತೆ ನಾಲ್ಕು ಶಬ್ದ ಆಡಿದ. ಕೊನೆಕೊನೆಗೆ ಅಜ್ಜನ ವಾಕ್ಯಗಳೂ ಗಿಡ್ಡವಾದವು. ರಾವಣ ಸೋಲುತ್ತಿದ್ದಾನೆ ಎಂದು ಪ್ರಸಂಗದಲ್ಲಿ ಎಲ್ಲಿಯೂ ಇರಲಿಲ್ಲ. ಆದರೆ ಎದುರಾಳಿಯ ನಡೆ ಅವನ ಬಾಯಿಗೆ ಬಂದದ್ದು ಗೋಡೆಯ ಈಚೆ ಇದ್ದ ನಮಗೂ ಕೇಳಿಸಿತು. ಅತ್ತೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಅಜ್ಜ ಸಿಟ್ಟಿನಿಂದ ಮರುದಿನ ಊಟ ಮಾಡಲಿಲ್ಲ ಎಂದು ನಿನ್ನ ಮಾವ ಹೇಳುವುದು ಸುಳ್ಳು, ಮಾಡಿದರು. ನೋಡು, ಎಲ್ಲಿಂದ ಎಲ್ಲಿಗೆ ಹೋದೆ.

ಇದಕ್ಕೆ ಪರಿಹಾರವೆಂದು ತಾಯಿಯ ಬಾಯಿಗೆ ನಮ್ಮ ಹವ್ಯಕ ಭಾಷೆ ಹಾಕಿಬಿಡಬೇಡ. ಕಾಸರಗೋಡಿನವರೆಂದರೆ ಮನೆಗೊಂದು ಭಾಷೆ ಇರುವವರು, ಆ ಆಸೆ ಸುಲಭವಾಗಿ ಬರುತ್ತದೆ. "ಅನಂತ ಆಕಾಶ"ವನ್ನು ಹವ್ಯಕದಲ್ಲಿ ಹೇಳಿದರೂ ಹೇಳುವವಳು ನೀನೇ. ತಾಯಿಯ ಕಣ್ಣಿಗೆ ಏನು ಬೀಳುತ್ತದೆ, ಕೇಳಿದ ಪ್ರಶ್ನೆಗೆ ಅವಳು ಉತ್ತರ ಕೊಡುತ್ತಾಳೋ ಜಾರಿಕೊಳ್ಳುತ್ತಾಳೋ, ಅವಳ ಸಾಲು ಎಷ್ಟು ಉದ್ದ, ಅಲ್ಲಿಂದ ಹಿಡಿ. ಮೂವತ್ತು ವರ್ಷ ಶಾಲೆಯಲ್ಲಿ ಛಂದಸ್ಸು ಪಾಠ ಮಾಡಿದವಳು ನಾನು. ನನಗೆ ಮೊದಲು ಹೊಳೆಯುವುದು ನಡೆ. ತಾಯಿಗೆ ಭಾಮಿನಿ ಷಟ್ಪದಿಯ ನಡೆ ಕೊಟ್ಟು ನೋಡಿದೆ: ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು, ಒಟ್ಟು ಹದಿನಾಲ್ಕು.

ಮೋಡ ಕವಿದಿದೆ ನೋಡು ಮಗಳೇ,
ಅಡಕೆ ಅಂಗಳದಲ್ಲಿ ಹರಡಿದೆ;
ಬುತ್ತಿ ಕಟ್ಟುವೆ, ರೈಲು ಎಷ್ಟಕೆ?

ಮಗಳಿಗೆ ಐದು ಮಾತ್ರೆಯ ಗಣ, ಸಾಲಿಗೆ ನಾಲ್ಕು. ಲಲಿತ ರಗಳೆಯ ಅಳತೆ, ಪ್ರಾಸ ಮಾತ್ರ ಇಲ್ಲ. ಅವಳ ಉಸಿರು ಉದ್ದ, ದೂರುವವಳ ಉಸಿರು.

ರೈಲಿರಲಿ, ನನ್ನನ್ನು ನಿಲ್ಲಿಸುವುದಿಲ್ಲವೇ?
ಹೊರಡುವುದು ಯಾಕೆಂದು ಕೇಳಲಿಲ್ಲೊಮ್ಮೆಯೂ.

ಇದಕ್ಕೆ ತಾಯಿ ಏನು ಹೇಳಬೇಕು? ನಿನ್ನ ತಾಯಿ ಇಲ್ಲಿ ಎಂಟು ಸಾಲು ಆಶೀರ್ವಾದ ಮಾಡುತ್ತಾಳೆ. ನಾನಾದರೆ ಒಂದೇ ಸಾಲು ಕೊಡುತ್ತೇನೆ:

ಮಳೆಗೆ ಮುಂಚೆಯೆ ಬಾಚಿ ತುಂಬಿಸು.

ಅವಳಿಗೆ ಪ್ರಶ್ನೆ ಕೇಳಿಸಿದೆ. ಕೇಳಿಸಿದ್ದರಿಂದಲೇ ಅಡಿಕೆಯ ಮಾತು ಎತ್ತಿದ್ದಾಳೆ. ಮಗಳ ಉತ್ತರದಲ್ಲಿ ಎಣಿಸಿ ನೋಡು, ಎಷ್ಟು ಮಾತ್ರೆ ಬರುತ್ತದೆ:

ಗೋಣಿ ಎಲ್ಲಿದೆ? ಬಂದೆನಮ್ಮಾ.

ಮೂರು, ನಾಲ್ಕು, ಮೂರು, ನಾಲ್ಕು. ಮಗಳು ತಾಯಿಯ ನಡೆಗೆ ಬಂದುಬಿಟ್ಟಳು. "ಅವಳ ಮನಸ್ಸು ಕರಗಿತು" ಎಂದು ನೀನು ಬೇರೆ ಬರೆಯಬೇಕಾಗಿಲ್ಲ. ಆದರೆ ಇದು ಒಂದೇ ಸಲ ನಡೆಯಬೇಕು, ಅದಕ್ಕೆ ಮೊದಲು ಎರಡು ನಡೆಗಳೂ ಕೇಳುವವರ ಕಿವಿಗೆ ಗಟ್ಟಿಯಾಗಿ ಕುಳಿತಿರಬೇಕು. ಈ ಆರು ಸಾಲು ಅದಕ್ಕೆ ಸಾಲದು, ಇಬ್ಬರಿಗೂ ಇನ್ನೆರಡು ಸುತ್ತು ಮಾತು ಬೇಕು. ಬೇಗ ಕರಗಿಸಿದರೆ ಮೊದಲಿನ ದೋಷವೇ ಬರುತ್ತದೆ, ಮತ್ತೆ ಒಂದೇ ಬಾಯಿ.

ಇನ್ನೊಂದು. ಇಬ್ಬರ ಸಾಲುಗಳನ್ನೂ ನೀನು ಒಂದೇ ಅಂತ್ಯಪ್ರಾಸದಲ್ಲಿ ಕಟ್ಟಿದ್ದೀಯ. ಪ್ರಾಸ ಸೇರಿದ ಕೂಡಲೇ ಇಬ್ಬರೂ ಒಪ್ಪಿಕೊಂಡ ಹಾಗೆ ಕೇಳುತ್ತದೆ. ಇಲ್ಲೇ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆದರು. ನೀನು ಯಾರಿಗೆ ಹೆದರುತ್ತೀ?

ಪಾಠ ಮಾಡಲು ಕುಳಿತೆ ಎಂದು ಮುಖ ಗಂಟಿಕ್ಕಿಕೊಂಡಿರುತ್ತೀಯ, ಗೊತ್ತು. ಭಾನುವಾರ ಧ್ವನಿ ಏರಿಸಿದ್ದಕ್ಕೆ ಬೇಸರವಿದೆ. ಕವಿತೆ ಸರಿಯಿಲ್ಲ ಎಂದದ್ದಕ್ಕೆ ಇಲ್ಲ. ಹಗುರವಾದ ಕವಿತೆಯಾಗಿದ್ದರೆ "ಚೆನ್ನಾಗಿದೆ" ಎಂದು ಫೋನ್ ಇಡುತ್ತಿದ್ದೆ. ನನ್ನ ಸಾಲುಗಳನ್ನು ಹಾಗೆಯೇ ಸೇರಿಸಬೇಡ, ಅವು ಮಾತ್ರೆ ತಪ್ಪಬಾರದೆಂದು ಹೆದರಿ ಬರೆದ ಮೇಷ್ಟ್ರ ಸಾಲುಗಳು. "ಎಷ್ಟಕೆ" ಎನ್ನುವುದು ಈಗಿನ ಕಿವಿಗೆ ಹಳತು. ನಿನ್ನ ಕೈಯಲ್ಲಿ ಸಡಿಲವಾದರೂ ಜೀವ ಬರುತ್ತದೆ.

ಓದುವ ದಿನ ತಾಯಿಗೆ ಮುದುಕಿಯ ಧ್ವನಿ, ಮಗಳಿಗೆ ಎಳೆಯ ಧ್ವನಿ ಎಂದು ನಟಿಸಲು ಹೋಗಬೇಡ. ಸಮಧ್ವನಿಯಲ್ಲೇ ಓದು. "ಕೇಳಲಿಲ್ಲೊಮ್ಮೆಯೂ" ಆದ ಮೇಲೆ ಒಂದು ಉಸಿರು ನಿಲ್ಲು, ತಾಯಿಯ ಸಾಲನ್ನು ಅವಸರದಲ್ಲಿ ಹೇಳು. ಅವಳಿಗೆ ಅಲ್ಲಿ ಅವಸರವಿದೆ.

ಪುಣೆಗೆ ಹೊರಡುವ ದಿನ ನಿಶ್ಚಯವಾಯಿತಂತೆ, ಅಪ್ಪನಿಗೆ ಹೇಳಿದೆಯಂತೆ. ರೈಲು ಎಷ್ಟು ಗಂಟೆಗೆ ಎಂದು ಅವರಿಗೆ ನೆನಪಿಲ್ಲ. ನನಗೆ ಬರೆದು ತಿಳಿಸು.

ನಿನ್ನ
ಅಮ್ಮ