ಭಾನುವಾರದ ಪ್ರಶ್ನೆಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಿ ಹಾಸನಕ್ಕೆ ಬರುವಾಗ ಬಸ್ಸಿನಲ್ಲಿ ಎದ್ದ ಪ್ರಶ್ನೆ ಇದು: ತಂದೆಯಿಲ್ಲದೆ ಹುಟ್ಟಿದರು ಎಂದು ಒಪ್ಪಿದ ಮೇಲೆ ಮುಸ್ಲಿಮರು ಯೇಸುವನ್ನು ದೇವರ ಮಗ ಅನ್ನುವುದಿಲ್ಲ ಯಾಕೆ?

ಕುರಾನಿನ 3ನೇ ಅಧ್ಯಾಯ, 59ನೇ ವಾಕ್ಯ ಯೇಸುವನ್ನು ಆದಮನಿಗೆ ಹೋಲಿಸುತ್ತದೆ. ಆದಮನಿಗೆ ತಾಯಿಯೂ ಇರಲಿಲ್ಲ, ಅಲ್ವಾ? ‘ಆಗು’ ಎಂದ ದೇವರ ಮಾತೇ ಸಾಕಾಯಿತು. ಹಾಗಾಗಿ ಮುಸ್ಲಿಮರು ಈಸಾ ಎಂದು ಕರೆಯುವ ಯೇಸು ಅವರಿಗೆ ದೊಡ್ಡ ಪ್ರವಾದಿ, ಆದರೆ ಮನುಷ್ಯ.

ಕ್ರೈಸ್ತರು ಯೇಸುವನ್ನು ದೇವರ ಮಗ ಅನ್ನುವುದು ಬರೀ ಹುಟ್ಟನ್ನು ನೆಚ್ಚಿ ಅಲ್ಲ. ನಾವು ಬಸ್ಸಿನಲ್ಲಿ ಎಡವಿದ್ದು ಇಲ್ಲೇ. ಮೊದಲಿಂದಲೂ ದೇವರೊಂದಿಗಿದ್ದ, ದೇವರೇ ಆಗಿದ್ದ ‘ವಾಕ್ಯ’ ಮನುಷ್ಯನಾಯಿತು ಎನ್ನುತ್ತದೆ ಯೋಹಾನನ ಸುವಾರ್ತೆ. ಕುರಾನ್ ಕೂಡ ಈಸಾರನ್ನು ದೇವರ ವಾಕ್ಯ ಎಂದು ಕರೆಯುತ್ತದೆ, ಅರ್ಥ ಮಾತ್ರ ಬೇರೆ.

ಶಿಲುಬೆಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ.