ಕೈ ಒತ್ತಿದ ಸುಮಿ

ಪೆರ್ಲ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನನ್ನು ಕಬಡ್ಡಿಗೆ ಸೇರಿಸಿದ್ದಾರೆ, ನೀನು ಹೋಗುವುದಿಲ್ಲ ಅಂತ ಹಠ ಹಿಡಿದಿದ್ದೀಯಂತೆ. ಮುಳ್ಳೇರಿಯದಿಂದ ಅಜ್ಜಿ ಫೋನಿನಲ್ಲಿ ಹೇಳಿದರು. ಹೋಗು ಅಂತ ನಾನು ಹೇಳುವುದಿಲ್ಲ. ಒಂದು ಕಥೆ ಬರೆಯುತ್ತೇನೆ, ಅಜ್ಜನ ಹತ್ತಿರ ಓದಿಸಿಕೊಳ್ಳಬೇಡ, ನೀನೇ ಓದು.

ಸುಮಿ ಅಂತ ನಾಲ್ಕನೇ ಕ್ಲಾಸಿನ ಹುಡುಗಿ. ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುವವಳು. (ಯಾರ ಹಾಗೆ ಅಂತ ನಾನು ಹೇಳಲಿಲ್ಲ.) ಬೇಸಿಗೆ ರಜೆ. ಒಣಗಿದ ಅಡಿಕೆಯೆಲ್ಲ ಅಟ್ಟಕ್ಕೆ ಹೋಗಿ ಅಂಗಳ ಖಾಲಿಯಾಗಿತ್ತು. ಮಕ್ಕಳು ಒಲೆಯ ಬೂದಿಯಲ್ಲಿ ಗೆರೆ ಎಳೆದರು. ಕಬಡ್ಡಿಗೆ ಒಂದು ಕಡೆ ಏಳು ಜನ ಬೇಕು, ಅಷ್ಟು ಸಿಗಲಿಲ್ಲ, ಐದೈದು ಮಾಡಿಕೊಂಡರು. ಐದನೆಯವಳು ಸಿಗದೆ ಸುಮಿಯನ್ನು ಎಳೆದುಕೊಂಡು ಬಂದರು.

ಮೂಲೆಯಲ್ಲಿ ಆಯಿಷಾ, ಅವಳ ಪಕ್ಕದಲ್ಲಿ ಸುಮಿ. ಇಬ್ಬರೂ ಕೈ ಹಿಡಿದುಕೊಂಡು ನಿಲ್ಲಬೇಕು. ಬೆರಳಿಗೆ ಬೆರಳು ಹೆಣೆಯಬಾರದು, ಎಳೆದಾಟದಲ್ಲಿ ಬೆರಳು ತಿರುಚುತ್ತದೆ. ಅಂಗೈಗೆ ಅಂಗೈ ಸೇರಿಸಿ ಹಿಡಿಯಬೇಕು. ಮೂಲೆಯವಳು ಎದುರಾಳಿಯ ಕಾಲಿನ ಗಂಟು ಹಿಡಿದ ತಕ್ಷಣ ಪಕ್ಕದವಳು ಮುಂದೆ ಸುತ್ತಿ ಬಂದು, ನಡುಗೆರೆಗೆ ಹೋಗುವ ದಾರಿ ಮುಚ್ಚಬೇಕು.

ಆಚೆ ಕಡೆಯಿಂದ ಜಯ ಬಂದಳು. ಉದ್ದ ಕಾಲಿನವಳು. ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ ಸುಮಿಯ ಕಡೆ ಕೈ ಬೀಸಿದ್ದೇ ತಡ, ಸುಮಿ ಹೆದರಿ ಕೈ ಬಿಟ್ಟು ಪಕ್ಕಕ್ಕೆ ಸರಿದಳು. ಅಷ್ಟರಲ್ಲಿ ಆಯಿಷಾ ಕಾಲು ಹಿಡಿದಾಗಿತ್ತು, ಒಬ್ಬಳೇ. ಜಯ ಅವಳನ್ನೂ ಎಳೆದುಕೊಂಡೇ ತೆವಳಿದಳು. ಇನ್ನಿಬ್ಬರು ಓಡಿ ಬಂದು ಬೆನ್ನು ಹಿಡಿದರು, ಆದರೆ ಅವಳ ಬೆರಳು ನಡುಗೆರೆ ಮುಟ್ಟಿಬಿಟ್ಟಿತು. ಮುಟ್ಟಿದವರೆಲ್ಲ ಔಟ್. ಒಂದೇ ಸಲಕ್ಕೆ ಮೂವರು ಹೊರಗೆ. ಸುಮಿಯನ್ನು ಯಾರೂ ಮುಟ್ಟಿರಲಿಲ್ಲ, ಹಾಗಾಗಿ ಅವಳು ಒಳಗೇ ಉಳಿದಳು. ಅವಳಿಗೆ ಅದೇ ಹೆಚ್ಚು ನಾಚಿಕೆಯಾಯಿತು.

“ಕೈ ಬಿಡುವುದಾದರೆ ಯಾಕೆ ಬಂದದ್ದು?” ಅಂದ ಕೃಷ್ಣ. ಹೊರಗೆ ಕೂತ ಆಯಿಷಾ ಮಾತ್ರ ಮೊಣಕೈಯ ಮಣ್ಣು ಕೊಡವುತ್ತಾ “ಸಾರಮಿಲ್ಲ” ಅಂದಳು. ಅವಳ ಮನೆಮಾತು ಮಲಯಾಳ, ‘ಪರವಾಗಿಲ್ಲ’ ಅಂತ ಅರ್ಥ.

ಕೃಷ್ಣ ಆಚೆಗೆ ಹೋಗಿ ಒಬ್ಬನನ್ನು ಮುಟ್ಟಿ ಬಂದ. ಹಾಗೆ ಬಂದರೆ ನಮ್ಮವರಲ್ಲಿ ಮೊದಲು ಔಟಾದವರೊಬ್ಬರು ಒಳಗೆ ಬರಬಹುದು. ಆಯಿಷಾ ಬಂದಳು. ಈಗ ಮೂವರು.

ಸುಮಿ ಮಾತಾಡುವುದಿಲ್ಲ, ಆದರೆ ಕೇಳಿಸಿಕೊಳ್ಳುತ್ತಾಳೆ. ಜಯಳ ‘ಕಬಡ್ಡಿ’ ಮೊದಲು ದಪ್ಪವಾಗಿರುತ್ತದೆ, ಉಸಿರು ಮುಗಿಯುತ್ತಾ ಬಂದಾಗ ತೆಳ್ಳಗಾಗಿ ಗಡಿಬಿಡಿಯಾಗುತ್ತದೆ. ಆಮೇಲೆ ಅವಳು ಹಿಂದಕ್ಕೆ ತಿರುಗುತ್ತಾಳೆ. ತಿರುಗುವಾಗ ಒಂದು ಕಾಲು ಹಿಂದೆಯೇ ಉಳಿಯುತ್ತದೆ. ಹಿಡಿಯುವುದಾದರೆ ಆಗಲೇ. ಇದನ್ನು ಎಲ್ಲರೆದುರು ಹೇಳಲು ಅವಳಿಂದಾಗಲಿಲ್ಲ. ಆಯಿಷಾಳ ಕಿವಿಯಲ್ಲಿ ಹೇಳಿದಳು.

“ಹಾಗಾದರೆ ಆವಾಗ ನೀನು ಕೈ ಒತ್ತು, ನಾನು ಹಾರುತ್ತೇನೆ.”

ಮೊದಲ ಸಲ ಸುಮಿ ಅವಸರಪಟ್ಟು ಒತ್ತಿದಳು. ಜಯ ಇನ್ನೂ ಇವರ ಕಡೆಗೇ ಮುಖ ಮಾಡಿದ್ದಳು. ಆಯಿಷಾ ಹಾರಿದ್ದು ಬರೀ ಮಣ್ಣಿಗೆ. ಜಯ ಯಾರಿಗೂ ಸಿಗದೆ, ಯಾರನ್ನೂ ಮುಟ್ಟದೆ ನಗುತ್ತಾ ಹಿಂದೆ ಹೋದಳು. ಕೃಷ್ಣ ಹಣೆ ಚಚ್ಚಿಕೊಂಡ.

ಮತ್ತೆ ಜಯ ಬಂದಳು. ಹೊರಗೆ ಕೂತವರು “ಹಿಡಿ”, “ಪತ್ತ್”, “ಪಿಡಿಕ್ಕ್” ಅಂತ ಮೂರು ಭಾಷೆಯಲ್ಲಿ ಕಿರುಚುತ್ತಿದ್ದರು. ಸುಮಿ ಜಯಳ ಉಸಿರು ಮಾತ್ರ ಕೇಳುತ್ತಿದ್ದಳು. ದಪ್ಪ, ದಪ್ಪ... ಜಯ ಮತ್ತೆ ಅವಳ ಮುಖದ ಹತ್ತಿರ ಕೈ ಬೀಸಿದಳು. ಸುಮಿ ಒಂದು ಹೆಜ್ಜೆ ಹಿಂದೆ ಸರಿದಳು, ಆದರೆ ಆಯಿಷಾಳನ್ನೂ ಜೊತೆಗೆ ಎಳೆದುಕೊಂಡೇ ಸರಿದಳು. ದಪ್ಪ... ತೆಳ್ಳಗಾಯಿತು. ಜಯ ತಿರುಗಿದಳು.

ಒತ್ತಿದಳು.

ಆಯಿಷಾ ಕಾಲಿನ ಗಂಟು ಹಿಡಿದಳು. ಸುಮಿ ಸುತ್ತಿ ಬಂದು ಜಯಳ ಸೊಂಟಕ್ಕೆ ಜೋತುಬಿದ್ದಳು. ಕೃಷ್ಣ ಇನ್ನೊಂದು ಕಡೆಯಿಂದ ಭುಜ ಕೊಟ್ಟ. ಜಯಳ ಕೈ ಬೂದಿಗೆರೆಯ ಕಡೆಗೆ ಚಾಚಿತು, ನಾಲ್ಕು ಬೆರಳಿನಷ್ಟು ದೂರದಲ್ಲಿ ಉಸಿರು ಕಡಿದುಹೋಯಿತು.

(ದೊಡ್ಡವರ ಪಂದ್ಯದಲ್ಲಿ ಮೂವರೇ ಉಳಿದಿದ್ದು ಹೀಗೆ ಹಿಡಿದರೆ ಒಂದರ ಬದಲು ಎರಡು ಪಾಯಿಂಟು. ಅಂಗಳದಲ್ಲಿ ಆ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ.)

ಕೊನೆಗೆ ಆಟ ಗೆದ್ದದ್ದು ಜಯಳ ಕಡೆಯವರೇ. ಕತ್ತಲಾಗುವಾಗ ಎಲ್ಲರೂ ಬಾವಿಕಟ್ಟೆಯ ಹತ್ತಿರ ಕಾಲು ತೊಳೆದುಕೊಂಡರು. ಆಯಿಷಾ ಕೈ ತೋರಿಸಿದಳು. ಅಂಗೈಯ ಹಿಂದೆ ಸಾಲಾಗಿ ನಾಲ್ಕು ಉಗುರಿನ ಗುರುತು, ಕೆಂಪಗೆ.

“ನಾಳೆ ಉಗುರು ಕತ್ತರಿಸಿಕೊಂಡು ಬಾ” ಅಂದಳು.

ಕಥೆ ಇಷ್ಟೇ. ನಿನ್ನ ಉಗುರು ಹೇಗಿದೆ ಈಗ? ಅಜ್ಜಿಗೆ ಕಣ್ಣು ಸರಿ ಕಾಣುವುದಿಲ್ಲ, ಹಗಲು ಹೊತ್ತಿನಲ್ಲಿ ಕತ್ತರಿಸಿಕೊಡಲು ಹೇಳು.

ಇತಿ,
ನಿನ್ನ ಅಪ್ಪ