ಗೆಳೆಯನಿಗೊಂದು ಪತ್ರ: ಹಿಮ್ಮಡಿಯ ಜಾಲಿ ಮುಳ್ಳು

ಲೋ ಮಂಜ,

ನಿನ್ನ ಹಿಮ್ಮಡಿಯ ಫೋಟೋ ಸರಿಯಾಗಿ ಊಟದ ಹೊತ್ತಿಗೆ ಬಂತು. ಬಳ್ಳಾರಿ ಜಾಲಿ ಚಪ್ಪಲಿ ತೂರಿ ಒಳಗೆ ಹೋಗಿ ಮುರಿದುಕೊಂಡಿದೆ, ಅಷ್ಟೇ ಅಲ್ವಾ? ಹನುಮಕ್ಕನ ಬಾವಿ ಹತ್ತಿರ ಮತ್ತೆ ಯಾಕೆ ಹೋದೆ ಅಂತ ಇಲ್ಲಿ ಎಲ್ಲರೆದುರು ಕೇಳುವುದಿಲ್ಲ.

ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ದಿನಾ ಇದನ್ನೇ ಮಾಡುವವನು ಹೇಳುತ್ತಿದ್ದೇನೆ, ಕೇಳು. ಮುಳ್ಳು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಕೈ ಹಾಕು. ಸೋಪು ಹಾಕಿ ತೊಳೆದು ಒರೆಸು. ಬಿಸಿನೀರಲ್ಲಿ ನೆನೆಹಾಕಬೇಡ, ಮುಳ್ಳು ಮೆತ್ತಗಾಗಿ ಎಳೆದಾಗ ಚೂರಾಗುತ್ತದೆ. ಸೂಜಿ, ಚಿಮಟ ಎರಡನ್ನೂ ಸ್ಪಿರಿಟ್‌ನಲ್ಲಿ ಒರೆಸು. ಮುಳ್ಳಿನ ಮೇಲಿರುವ ದಪ್ಪ ಚರ್ಮವನ್ನು ಸೂಜಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸು. ತುದಿ ಹಿಡಿತಕ್ಕೆ ಸಿಕ್ಕಮೇಲೆ, ಹೊಕ್ಕ ಓರೆಯಲ್ಲೇ ಎಳಿ. ಹಿಂಡಿದರೆ ಇನ್ನೂ ಒಳಗೆ ಹೋಗುತ್ತದೆ. ನಿಮ್ಮತ್ತೆ ಎಕ್ಕದ ಹಾಲು ತಂದರೆ ನಮಸ್ಕಾರ ಮಾಡಿ ಕಳಿಸು. ಅದು ಚರ್ಮ ಸುಡುತ್ತದೆ.

ಏನೂ ಕಾಣದೆ, ಕಾಲೂರಿದಾಗ ಮಾತ್ರ ಚುಚ್ಚುತ್ತಿದ್ದರೆ ಕೆದಕಬೇಡ, ಡಾಕ್ಟರ ಹತ್ತಿರ ಹೋಗು. ಕೀಲಿನ ಹತ್ತಿರ ಚುಚ್ಚಿದ್ದರೂ, ಕೆಂಪು ಹರಡಿದರೂ, ಕೀವು, ಜ್ವರ ಬಂದರೂ ಅಷ್ಟೇ. ಎಕ್ಸರೇ ನೋಡಿ 'ಏನಿಲ್ಲ' ಅಂದರೆ ಪೂರ್ತಿ ನಂಬಬೇಡ. ಮುಳ್ಳು ಕಟ್ಟಿಗೆಯ ಜಾತಿ, ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹೊಟ್ಟೆಗೆ ಮಾಡುವ ಸ್ಕ್ಯಾನಿಂಗ್ ಇದೆಯಲ್ಲ, ಅದರಲ್ಲಿ ಹೆಚ್ಚಾಗಿ ಸಿಗುತ್ತದೆ. ಒಳಗುಳಿದ ಚೂರು, ಗಾಯ ಮಾಯ್ದ ಎಷ್ಟೋ ವಾರಕ್ಕೆ ಗಂಟಾಗಿ ಏಳುವುದೂ ಉಂಟು. ಮಣ್ಣಲ್ಲಿ ಬಿದ್ದಿದ್ದ ಮುಳ್ಳು ಬೇರೆ. ಧನುರ್ವಾಯು ಇಂಜೆಕ್ಷನ್ ತಗೊಂಡು 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೋ.

ನಿನಗೆ ನೋಯುತ್ತಿದೆಯಲ್ಲ, ಅದೇ ಸಮಾಧಾನ. ಹೋದ ತಿಂಗಳು ಅಪ್ಪ ನಡೆದಲ್ಲೆಲ್ಲ ಬಿಳಿ ಟೈಲ್ಸ್ ಮೇಲೆ ಚುಕ್ಕಿ ಚುಕ್ಕಿ ರಕ್ತ. ಎತ್ತಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಇಷ್ಟುದ್ದ ಮುಳ್ಳು, ಸುತ್ತ ಚರ್ಮ ಬೆಳ್ಳಗೆ ಉಬ್ಬಿತ್ತು. ಅವರಿಗೆ ಗೊತ್ತೇ ಇಲ್ಲ. ಹತ್ತಾರು ವರ್ಷದ ಶುಗರ್. ಅಂಥ ಕಾಲಿಗೆ ಮನೆಯಲ್ಲಿ ಸೂಜಿ ಹಾಕಬಾರದು, ಗಾಯ ಸಣ್ಣದಿದ್ದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಕರೆದುಕೊಂಡು ಹೋದೆ. ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಡುವಾಗ ಸೂಜಿ ಪೂರ್ತಿ ಒಳಗೆ ಹೋಯಿತು. ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಅಂತ ಹುಡುಕುತ್ತಿದ್ದರು. ಮಕ್ಕಳು ಕಿರುಚಿದರೆ ಬೈಯುವ ನಾನು, ಒಂದು ಸಲ 'ಅಯ್ಯೋ' ಅನ್ನಲಿ ಅಂತ ಕಾದೆ ಕಣೋ. ಅನ್ನಲಿಲ್ಲ. ಹೊರಗೆ ಬಂದು ಸುಮ್ನೆ ಬೈಕ್ ಒರೆಸುತ್ತ ನಿಂತೆ.

ಆಮೇಲಿಂದ ರಾತ್ರಿ ನನ್ನ ಅಂಗಾಲನ್ನೂ ಚಿವುಟಿ ನೋಡಿಕೊಳ್ಳುತ್ತೇನೆ. ನನಗೂ ಬರುವ ರೋಗ ತಾನೇ. ನನ್ನಾಕೆ ಇದನ್ನು ಯಾವುದೋ ಯೋಗಾಸನ ಅಂದುಕೊಂಡಿದ್ದಾಳೆ. ನಾನೂ ಹೌದು ಅಂದುಬಿಟ್ಟಿದ್ದೇನೆ. ಈಗ ಅವಳೂ ಕಲಿಸಿಕೊಡಿ ಅನ್ನುತ್ತಿದ್ದಾಳೆ, ಹೆಸರೇನಿಡಲಿ ಹೇಳು.

ನಿನ್ನ,
ಅರ್ಧ ಡಾಕ್ಟರ್